ತೂಕ ಇಳಿಸಲು ಗಾರ್ಸೀನಿಯಾ ಕ್ಯಾಪ್ಸೂಲ್: ಇಲಿಗೆ ಆದದ್ದು ನಮಗೆ ಏಕೆ ಆಗಲಿಲ್ಲ?

ಪ್ರಶ್ನೆ: ಡಾಕ್ಟರೇ, ನನಗೆ 38 ವರ್ಷ. ಎತ್ತರ 158 ಸೆಂ.ಮೀ. ಊರು ಉಡುಪಿ ಕಡೆ, ಕೆಲಸ ಬೆಂಗಳೂರಿನಲ್ಲಿ. ಐದು ವಾರದಿಂದ ಆನ್‌ಲೈನ್‌ನಲ್ಲಿ ತರಿಸಿದ ಗಾರ್ಸೀನಿಯಾ ಕ್ಯಾಪ್ಸೂಲ್ ದಿನಕ್ಕೆ ಎರಡು ತಗೊಳ್ತಿದ್ದೇನೆ. ಒಂದರಲ್ಲಿ ಗಾರ್ಸೀನಿಯಾ ಸಾರ 500 ಮಿ.ಗ್ರಾಂ, ಅದರಲ್ಲಿ ಎಚ್‌ಸಿಎ 60%, ಜೊತೆಗೆ ಗ್ರೀನ್ ಟೀ ಸಾರ ಅಂತ ಬರೆದಿದೆ. ತೂಕ 76ರಿಂದ 74.4 ಕೆ.ಜಿ.ಗೆ ಬಂದಿದೆ. ಸಂಜೆಯ ಚಹಾ, ಮಿಕ್ಸ್ಚರ್ ಕೂಡ ಬಿಟ್ಟಿದ್ದೇನೆ. ಆದರೆ ಹತ್ತು ದಿನದಿಂದ ಸುಸ್ತು, ಬೆಳಿಗ್ಗೆ ವಾಕರಿಕೆ. ಎರಡು ವರ್ಷದಿಂದ ಆತಂಕಕ್ಕೆ ಎಸಿಟಲೋಪ್ರಾಮ್ 10 ಮಿ.ಗ್ರಾಂ ತಗೊಳ್ತಿದ್ದೇನೆ. ಹೋದ ವರ್ಷ ಸ್ಕ್ಯಾನ್‌ನಲ್ಲಿ ಫ್ಯಾಟಿ ಲಿವರ್ ಅಂದಿದ್ದರು. ಅತ್ತೆ ಹೇಳ್ತಾರೆ, "ಇದು ನಮ್ಮ ಪುನರ್ಪುಳಿನೇ ಅಲ್ವಾ, ಹುಟ್ಟಿದಾಗಿಂದ ತಿಂತಿದ್ದೇವೆ, ಏನಾಗುತ್ತೆ?" ಮುಂದುವರಿಸಲಾ? ಇಲ್ಲ ಪುನರ್ಪುಳಿ ಜ್ಯೂಸ್ ಕುಡಿದರೆ ಸಾಕಾ?

ಉತ್ತರ:

ಕ್ಯಾಪ್ಸೂಲನ್ನು ಇವತ್ತೇ ನಿಲ್ಲಿಸಿ. ನಾಳೆ ಅಥವಾ ನಾಡಿದ್ದರೊಳಗೆ ಲಿವರ್ ಪರೀಕ್ಷೆ ಮಾಡಿಸಿ. ಲ್ಯಾಬ್‌ನಲ್ಲಿ ಎಲ್‌ಎಫ್‌ಟಿ ಅಂದರೆ ಗೊತ್ತಾಗುತ್ತದೆ. ಅದರ ಜೊತೆ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನೋಡುವ ಐಎನ್‌ಆರ್ ಅನ್ನೂ ಸೇರಿಸಲು ಹೇಳಿ. ಅಷ್ಟರೊಳಗೆ ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ, ಕಣ್ಣಿನ ಬಿಳಿಭಾಗ ಹಳದಿ ಅನಿಸಿದರೆ, ಮೈಯೆಲ್ಲಾ ತುರಿಕೆ ಶುರುವಾದರೆ ಲ್ಯಾಬ್‌ಗೆ ಕಾಯಬೇಡಿ. ನೇರ ಆಸ್ಪತ್ರೆಗೆ ಹೋಗಿ. ಎಸಿಟಲೋಪ್ರಾಮ್ ಮಾತ್ರ ನೀವಾಗಿ ನಿಲ್ಲಿಸಬೇಡಿ. ಅದನ್ನು ಒಮ್ಮೆಲೇ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಆತಂಕ ಹೆಚ್ಚುವುದು, ಹೀಗೆ ಬೇರೆಯೇ ತೊಂದರೆ ಶುರುವಾಗುತ್ತದೆ. ಬಿಡಬೇಕಾದದ್ದು ಕ್ಯಾಪ್ಸೂಲ್ ಒಂದನ್ನೇ.

ನಿಮ್ಮ ಸುಸ್ತು, ವಾಕರಿಕೆಗೆ ಬೇರೆ ಕಾರಣವೂ ಇರಬಹುದು. ಎಚ್‌ಸಿಎ ಹುಳಿ ಪದಾರ್ಥ, ಹೊಟ್ಟೆಗೆ ಸುಮ್ನೆ ಕಿರಿಕಿರಿ ಮಾಡಿರಲೂಬಹುದು. ಆದರೆ ಲಿವರ್‌ಗೆ ಪೆಟ್ಟಾದಾಗಲೂ ಮೊದಲು ಕಾಣುವುದು ಇದೇ ಎರಡು ಲಕ್ಷಣ. ಹೊರಗಿನಿಂದ ನೋಡಿ ಯಾವುದು ಎಂದು ಹೇಳಲಾಗುವುದಿಲ್ಲ. ಅದಕ್ಕೇ ಪರೀಕ್ಷೆ.

ಈಗ ಅತ್ತೆಯವರ ಮಾತಿಗೆ ಬರೋಣ. ಅವರು ಹೇಳಿದ್ದರಲ್ಲಿ ಅರ್ಧ ಸರಿ ಇದೆ. ಉಡುಪಿ, ಮಂಗಳೂರು ಕಡೆ ಪುನರ್ಪುಳಿ ಅನ್ನುವುದು, ಉತ್ತರ ಕನ್ನಡದಲ್ಲಿ ಮುರುಗಲು ಅನ್ನುವುದು, ಪೇಟೆಯವರು ಕೋಕಂ ಅನ್ನುವುದು, ಎಲ್ಲ ಒಂದೇ ಮರ. ಗಾರ್ಸೀನಿಯಾ ಇಂಡಿಕಾ ಅದರ ಸಸ್ಯಶಾಸ್ತ್ರದ ಹೆಸರು. ಹಣ್ಣು ಕಡುಗೆಂಪು, ಮೈ ನುಣುಪು. ಬಾಟಲಿಗಳ ಮೇಲೆ ಗಾರ್ಸೀನಿಯಾ ಕಂಬೋಜಿಯಾ ಎಂದು ಬರೆದಿರುವುದು ಅದರ ಹತ್ತಿರದ ಸಂಬಂಧಿ, ಉಪ್ಪಾಗೆ. ಅದರ ಹಣ್ಣು ಹಳದಿ, ಪುಟ್ಟ ಕುಂಬಳಕಾಯಿಯ ಹಾಗೆ ಮೈಮೇಲೆ ಏಣು. ಮಲೆಯಾಳಿಗಳು ಮೀನು ಸಾರಿಗೆ ಹಾಕುವ ಕುಡಂಪುಳಿ ಇದೇ. ಕೊಡಗಿನಲ್ಲಿ ಪಂದಿ ಕರಿಗೆ ಹಾಕುವ ಕಪ್ಪಗಿನ ಕಾಚಂಪುಳಿಯೂ ಇದರ ಹಣ್ಣಿನ ರಸವನ್ನು ಬತ್ತಿಸಿ ಮಾಡಿದ್ದೇ. ಶಿರಸಿ, ಸಿದ್ದಾಪುರದ ಕಡೆ ಬೀಜದಿಂದ ಉಪ್ಪಾಗೆ ತುಪ್ಪ ಮಾಡುತ್ತಾರೆ. ಹಾಗಾಗಿ ನಿಮ್ಮ ಬಾಟಲಿಯಲ್ಲಿ ಇರುವುದು ಹೆಚ್ಚಾಗಿ ಪುನರ್ಪುಳಿಯ ಸಾರ ಅಲ್ಲ, ಉಪ್ಪಾಗೆಯ ಸಾರ. ಲೇಬಲ್‌ನಲ್ಲಿ ಸಸ್ಯದ ಹೆಸರು ಒಮ್ಮೆ ನೋಡಿ.

ಎರಡರ ಸಿಪ್ಪೆಯಲ್ಲೂ ಇರುವ ಹುಳಿಯ ಮುಖ್ಯ ಅಂಶ ಹೈಡ್ರಾಕ್ಸಿಸಿಟ್ರಿಕ್ ಆಮ್ಲ, ಚಿಕ್ಕದಾಗಿ ಎಚ್‌ಸಿಎ. ಇದನ್ನು ಗುರುತು ಹಿಡಿದದ್ದು ನಮ್ಮ ಮೈಸೂರಿನಲ್ಲೇ ಎನ್ನುವುದು ತುಂಬ ಜನಕ್ಕೆ ಗೊತ್ತಿಲ್ಲ. ಅಲ್ಲಿಯವರೆಗೆ ಉಪ್ಪಾಗೆಯ ಹುಳಿ ನಿಂಬೆಯಲ್ಲಿರುವ ಸಿಟ್ರಿಕ್ ಆಮ್ಲದ್ದೋ, ಹುಣಸೆಯಲ್ಲಿರುವ ಟಾರ್ಟಾರಿಕ್ ಆಮ್ಲದ್ದೋ ಎಂದು ತಿಳಿದಿದ್ದರು. ಅಲ್ಲಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನ ಲೂಯಿಸ್ ಮತ್ತು ನೀಲಕಂಠನ್ 1965ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅದು ಇವೆರಡೂ ಅಲ್ಲ, ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ತೋರಿಸಿದರು. ಆಗ ತೂಕದ ಮಾತೇ ಇರಲಿಲ್ಲ. ಅದು ಹಣ್ಣಿನ ಹುಳಿಯ ರಸಾಯನಶಾಸ್ತ್ರ, ಅಷ್ಟೇ.

ತೂಕದ ಕಥೆ ಶುರುವಾದದ್ದು ಅಮೆರಿಕದಲ್ಲಿ. 1969ರಲ್ಲಿ ಅಲ್ಲಿನ ವಿಜ್ಞಾನಿಗಳು ಎಚ್‌ಸಿಎ ಒಂದು ಕಿಣ್ವವನ್ನು ತಡೆಯುತ್ತದೆ ಎಂದು ಕಂಡರು. ಆ ಕಿಣ್ವದ ಹೆಸರು ಎಟಿಪಿ ಸಿಟ್ರೇಟ್ ಲಯೇಸ್. ಹೆಸರು ಉದ್ದ, ಕೆಲಸ ಸರಳ. ನಾವು ತಿಂದ ಅನ್ನ, ಸಕ್ಕರೆ ಬೇಕಾದ್ದಕ್ಕಿಂತ ಜಾಸ್ತಿಯಾದಾಗ ಅದನ್ನು ಕೊಬ್ಬಾಗಿ ಮಾಡುವ ದಾರಿಯಲ್ಲಿ ಒಂದು ಬಾಗಿಲು ಇದೆ. ಈ ಕಿಣ್ವ ಆ ಬಾಗಿಲು ತೆರೆಯುತ್ತದೆ. ಎಚ್‌ಸಿಎ ಸಿಟ್ರಿಕ್ ಆಮ್ಲದ ಹಾಗೇ ಕಾಣುವುದರಿಂದ ಕಿಣ್ವಕ್ಕೆ ಅಂಟಿಕೊಂಡು ಬಾಗಿಲನ್ನು ಮುಚ್ಚುತ್ತದೆ. 1970ರ ದಶಕದಲ್ಲಿ ಇಲಿಗಳ ಮೇಲೆ ಪ್ರಯೋಗ ಮಾಡಿದಾಗ ಅವು ಕೊಬ್ಬು ಕಡಿಮೆ ತಯಾರಿಸಿದವು, ತಿನ್ನುವುದನ್ನೂ ಕಡಿಮೆ ಮಾಡಿದವು, ತೂಕವೂ ಇಳಿಯಿತು. ಈ ಭಾಗ ಸುಳ್ಳಲ್ಲ. ನಿಮ್ಮ ಬಾಟಲಿಯ ಮೇಲೆ "ಕೊಬ್ಬು ಉತ್ಪಾದನೆ ತಡೆಯುತ್ತದೆ" ಎಂದು ಬರೆದಿದ್ದರೆ ಅದು ಬಂದಿರುವುದು ಇಲ್ಲಿಂದ.

ಹಾಗಾದರೆ ನಮಗೆ ಏಕೆ ಆಗುವುದಿಲ್ಲ? ಆ ಇಲಿಗಳ ಊಟವನ್ನು ನೋಡಬೇಕು. ತುಂಬ ಗ್ಲೂಕೋಸ್, ಕೊಬ್ಬು ಬಹಳ ಕಡಿಮೆ, ಅದನ್ನೂ ದಿನಕ್ಕೆ ಕೆಲವೇ ಗಂಟೆ ಕೊಟ್ಟು ಉಳಿದ ಹೊತ್ತು ಉಪವಾಸ. ಹೀಗೆ ತಿನ್ನುವ ಇಲಿಯ ದೇಹ ಗ್ಲೂಕೋಸನ್ನು ಭರದಿಂದ ಕೊಬ್ಬಾಗಿ ಮಾಡುತ್ತದೆ. ಆ ಬಾಗಿಲು ಮುಚ್ಚಿದರೆ ಪರಿಣಾಮ ದೊಡ್ಡದಾಗಿಯೇ ಕಾಣುತ್ತದೆ. ಮನುಷ್ಯರ ದೇಹ ಹಾಗೆ ನಡೆಯುವುದಿಲ್ಲ. ದಿನನಿತ್ಯದ ಊಟದಲ್ಲಿ ನಮ್ಮ ದೇಹ ಅನ್ನದಿಂದ ಹೊಸದಾಗಿ ತಯಾರಿಸುವ ಕೊಬ್ಬು ಸ್ವಲ್ಪವೇ. ಹೊಟ್ಟೆ, ಸೊಂಟದಲ್ಲಿ ಕೂರುವ ಕೊಬ್ಬಿನ ಹೆಚ್ಚಿನ ಪಾಲು ಎಣ್ಣೆ, ತುಪ್ಪ, ತೆಂಗಿನಕಾಯಿ, ಕರಿದ ತಿಂಡಿಯಲ್ಲಿ ಕೊಬ್ಬಾಗಿಯೇ ಒಳಗೆ ಬಂದದ್ದು.

"ನಾನು ಎಣ್ಣೆ ಜಾಸ್ತಿ ತಿನ್ನುವುದಿಲ್ಲ, ಅನ್ನ ತಿಂದೇ ದಪ್ಪ ಆದೆ" ಎಂದು ತುಂಬ ಜನ ನನಗೆ ಹೇಳುತ್ತಾರೆ. ಅವರು ಹೇಳುವುದು ಸುಳ್ಳಲ್ಲ. ಅನ್ನ ಜಾಸ್ತಿ ತಿಂದಾಗ ದೇಹ ಮೊದಲು ಅದನ್ನೇ ಉರಿಸಿಕೊಳ್ಳುತ್ತದೆ. ಆಗ ಆ ದಿನ ಪಲ್ಯ, ಚಟ್ನಿ, ತಿಂಡಿಯ ಜೊತೆ ಬಂದ ಎಣ್ಣೆಯನ್ನು ಉರಿಸುವ ಅಗತ್ಯ ಬೀಳುವುದಿಲ್ಲ. ಅದು ಹಾಗೇ ಉಳಿದು ಜಮೆಯಾಗುತ್ತದೆ. ತೂಕ ಏರಿದ್ದು ಅನ್ನದಿಂದಲೇ, ಆದರೆ ಎಚ್‌ಸಿಎ ಮುಚ್ಚುವ ಬಾಗಿಲಿನಿಂದ ಒಳಗೆ ಬಂದು ಅಲ್ಲ. ಜನ ಹಾಯದ ಬಾಗಿಲಿಗೆ ಬೀಗ ಹಾಕಿದ ಹಾಗೆ ಆಯಿತು.

ಇದನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಿ ನೋಡಬಹುದು. ಬೆಂಪಿಡೋಯಿಕ್ ಆಮ್ಲ ಎಂಬ ಕೊಲೆಸ್ಟ್ರಾಲ್ ಮಾತ್ರೆ ಇದೆ. ಅಮೆರಿಕದಲ್ಲಿ 2020ರಲ್ಲಿ ಒಪ್ಪಿಗೆ ಸಿಕ್ಕಿತು, ಈಗ ನಮ್ಮಲ್ಲೂ ಸಿಗುತ್ತದೆ. ಅದು ಲಿವರ್‌ನಲ್ಲಿ ತಡೆಯುವುದು ಇದೇ ಕಿಣ್ವವನ್ನು, ಎಚ್‌ಸಿಎಗಿಂತ ಬಹಳ ನಂಬಿಕಸ್ಥವಾಗಿ. ಸಾವಿರಾರು ಜನ ಅದನ್ನು ವರ್ಷಗಟ್ಟಲೆ ತೆಗೆದುಕೊಂಡಿದ್ದಾರೆ. ಕೆಟ್ಟ ಕೊಲೆಸ್ಟ್ರಾಲ್ ಇಳಿಯುತ್ತದೆ. ಅದನ್ನು ತೂಕ ಇಳಿಸಲು ಯಾರೂ ಬರೆದುಕೊಡುವುದಿಲ್ಲ, ಏಕೆಂದರೆ ಅದರಿಂದ ಜನ ತೆಳ್ಳಗಾಗಲಿಲ್ಲ. ಬಾಗಿಲಿಗೆ ಗಟ್ಟಿ ಬೀಗ ಹಾಕಿದಾಗಲೂ ತೂಕ ಇಳಿಯದಿದ್ದರೆ ಸಡಿಲ ಬೀಗದಿಂದ ಏನಾಗುತ್ತದೆ?

ಎಚ್‌ಸಿಎಯ ಬೀಗ ಸಡಿಲ ಎಂದದ್ದಕ್ಕೆ ಕಾರಣ ಇದೆ. ಹಣ್ಣನ್ನು ಒಣಗಿಸಿ, ಕುದಿಸಿದಾಗ ಈ ಆಮ್ಲದ ಒಂದಷ್ಟು ಭಾಗ ಲ್ಯಾಕ್ಟೋನ್ ಎಂಬ ಮತ್ತೊಂದು ರೂಪಕ್ಕೆ ತಿರುಗುತ್ತದೆ. ಆ ರೂಪ ಕಿಣ್ವವನ್ನು ಸರಿಯಾಗಿ ತಡೆಯುವುದಿಲ್ಲ. ಹಾಗಾಗದಿರಲಿ ಎಂದೇ ಕಂಪನಿಗಳು ಅದನ್ನು ಕ್ಯಾಲ್ಸಿಯಂ ಅಥವಾ ಪೊಟ್ಯಾಸಿಯಂ ಲವಣವಾಗಿ ಮಾಡುತ್ತವೆ. ಬರೀ ಕ್ಯಾಲ್ಸಿಯಂ ಲವಣವಾದರೆ ನೀರಿನಲ್ಲಿ ಸರಿಯಾಗಿ ಕರಗುವುದೇ ಇಲ್ಲ.

ಮನುಷ್ಯರ ಮೇಲೆ ನಡೆದ ಪರೀಕ್ಷೆಗಳಲ್ಲಿ ನಾನು ರೋಗಿಗಳಿಗೆ ಯಾವಾಗಲೂ ಹೇಳುವುದು 1998ರದ್ದು. ನ್ಯೂಯಾರ್ಕ್‌ನಲ್ಲಿ ನಡೆದದ್ದು, ಅಮೆರಿಕದ ವೈದ್ಯರ ಸಂಘದ ಪತ್ರಿಕೆ ಜಾಮಾದಲ್ಲಿ ಪ್ರಕಟವಾಯಿತು. ಸ್ಟೀವನ್ ಹೇಮ್ಸ್‌ಫೀಲ್ಡ್ ಮತ್ತು ಅವರ ತಂಡ 135 ಜನರನ್ನು ತೆಗೆದುಕೊಂಡರು, ಎಲ್ಲರೂ ತೂಕ ಹೆಚ್ಚಿದ್ದವರು. ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ದಿನಕ್ಕೆ 1500 ಮಿ.ಗ್ರಾಂ ಎಚ್‌ಸಿಎ, ಇನ್ನೊಂದಕ್ಕೆ ನೋಡಲು ಅದೇ ಥರದ, ಔಷಧವಿಲ್ಲದ ಮಾತ್ರೆ. ಯಾರಿಗೆ ಯಾವುದು ಎಂದು ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ, ಕೊಡುವವರಿಗೂ ಗೊತ್ತಿಲ್ಲ. ಇಬ್ಬರಿಗೂ ಒಂದೇ ಥರದ, ನಾರು ಹೆಚ್ಚಿರುವ, ಕ್ಯಾಲೊರಿ ಕಡಿಮೆಯ ಊಟ. 12 ವಾರದ ಕೊನೆಗೆ ಎಚ್‌ಸಿಎ ಗುಂಪಿನವರು ಸರಾಸರಿ 3.2 ಕೆ.ಜಿ. ಇಳಿದರು. ಖಾಲಿ ಮಾತ್ರೆಯವರು 4.1 ಕೆ.ಜಿ. ಇಳಿದರು. ಖಾಲಿ ಮಾತ್ರೆಯೇ ಒಳ್ಳೆಯದು ಎಂದು ಇದರ ಅರ್ಥ ಅಲ್ಲ, ಆ ಅಂತರ ಆಕಸ್ಮಿಕವಾಗಿ ಬರುವಷ್ಟೇ. ತೂಕ ಇಳಿಸಿದ್ದು ಎರಡೂ ಗುಂಪಿಗೆ ಸಮಾನವಾಗಿ ಸಿಕ್ಕ ಊಟ.

ಈ ಪರೀಕ್ಷೆಯಲ್ಲಿ ಔಷಧ ಕೊಡದಿದ್ದವರೂ ಮೂರು ತಿಂಗಳಿಗೆ ನಾಲ್ಕು ಕೆ.ಜಿ. ಇಳಿದರು ಅನ್ನುವುದನ್ನು ಗಮನಿಸಿ. ಕ್ಯಾಪ್ಸೂಲ್ ತೆಗೆದುಕೊಂಡು "ನಾನು ಇಳಿದೆ" ಎಂದು ಬರೆಯುವವರ ಅನುಭವ ನಿಜವೇ. ಆದರೆ ಅವರ ಜೊತೆ ಹೋಲಿಸಲು ಖಾಲಿ ಮಾತ್ರೆಯವರು ಇಲ್ಲ.

2011ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅಲ್ಲಿಯವರೆಗಿನ ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ಲೆಕ್ಕ ಹಾಕಿದರು. ಎಚ್‌ಸಿಎ ತೆಗೆದುಕೊಂಡವರು ಉಳಿದವರಿಗಿಂತ ಸರಾಸರಿ 0.88 ಕೆ.ಜಿ. ಹೆಚ್ಚು ಇಳಿದಿದ್ದರು. ಪರೀಕ್ಷೆಗಳಲ್ಲಿ ಯಾವುದೂ 12 ವಾರ ದಾಟಿರಲಿಲ್ಲ. ಅವುಗಳಲ್ಲಿ ಶಿಸ್ತಿನಿಂದ ನಡೆದವನ್ನು ಮಾತ್ರ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿದಾಗ ಆ ಅಂತರವೂ ನಿಲ್ಲಲಿಲ್ಲ. ಹೊಟ್ಟೆಯ ತೊಂದರೆ ಮಾತ್ರ ಎಚ್‌ಸಿಎ ಗುಂಪಿನಲ್ಲಿ ಎರಡರಷ್ಟು ಇತ್ತು. ಎಂಟು ವಾರದಲ್ಲಿ 5-6% ತೂಕ ಇಳಿಯಿತು ಎಂದು 2004ರಲ್ಲಿ ಬಂದ ಒಂದು ಪರೀಕ್ಷೆಯನ್ನು ಮಾರುವವರು ಈಗಲೂ ತೋರಿಸುತ್ತಾರೆ. ಅದರಲ್ಲಿ ಇದ್ದದ್ದು 60 ಜನ, ಅವರನ್ನು ಮೂರು ಗುಂಪು ಮಾಡಿದ್ದರು. ಅಂದರೆ ಒಂದೊಂದು ಗುಂಪಿಗೆ ಇಪ್ಪತ್ತರಷ್ಟೇ ಜನ. ಅಷ್ಟು ಚಿಕ್ಕ ಪರೀಕ್ಷೆಯನ್ನು ನಂಬಿ ನಾನು ಯಾರಿಗೂ ಔಷಧ ಬರೆಯುವುದಿಲ್ಲ.

ಈಗ ನಿಮ್ಮದೇ ಲೆಕ್ಕ ಮಾಡೋಣ. ನಿಮ್ಮ ಎರಡು ಕ್ಯಾಪ್ಸೂಲ್‌ನಲ್ಲಿ ಒಟ್ಟು ಸಾರ 1000 ಮಿ.ಗ್ರಾಂ, ಅದರ 60% ಎಂದರೆ 600 ಮಿ.ಗ್ರಾಂ ಎಚ್‌ಸಿಎ. 1500 ಮಿ.ಗ್ರಾಂ ಕೊಟ್ಟಾಗಲೇ ಏನೂ ಆಗಲಿಲ್ಲ. ಆದರೂ ನಿಮ್ಮ ತೂಕ 1.6 ಕೆ.ಜಿ. ಇಳಿದಿದೆ, ಅದು ಎಲ್ಲಿಂದ ಬಂತು? ಒಂದು ಕೆ.ಜಿ. ತೂಕಕ್ಕೆ ಸುಮಾರು 7700 ಕ್ಯಾಲೊರಿ ಎಂದು ಇಟ್ಟುಕೊಂಡರೆ 1.6 ಕೆ.ಜಿ.ಗೆ 12,300 ಕ್ಯಾಲೊರಿ. ಐದು ವಾರ ಅಂದರೆ 35 ದಿನ. ದಿನಕ್ಕೆ 350 ಕ್ಯಾಲೊರಿಯಷ್ಟು ಆಯಿತು. ನೀವು ಬಿಟ್ಟ ಸಂಜೆಯ ಚಹಾಕ್ಕೆ ಬನ್ನಿ. ಎರಡು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದುಕೊಂಡರೂ 20 ಗ್ರಾಂ ಸಕ್ಕರೆ, ಅಂದರೆ 80 ಕ್ಯಾಲೊರಿ. ಒಂದು ಸಣ್ಣ ಬಟ್ಟಲು ಮಿಕ್ಸ್ಚರ್ 50 ಗ್ರಾಂ ತೂಗುತ್ತದೆ, ಅದು 270ರ ಹತ್ತಿರ. ಕೂಡಿಸಿದರೆ 350. ಮೊದಲ ವಾರ ಇಳಿದದ್ದರಲ್ಲಿ ಸ್ವಲ್ಪ ನೀರಿನ ತೂಕವೂ ಇರುತ್ತದೆ, ಹಾಗಾಗಿ ಈ ಲೆಕ್ಕ ಗ್ರಾಂ ಗ್ರಾಂ ಸರಿ ಬರಬೇಕಿಲ್ಲ. ಆದರೆ ನಿಮ್ಮ 1.6 ಕೆ.ಜಿ.ಗೆ ಕ್ಯಾಪ್ಸೂಲಿನ ಹಂಗು ಬೇಕಿಲ್ಲ. ಅದನ್ನು ಇಳಿಸಿದ್ದು ನೀವು. ಕ್ಯಾಪ್ಸೂಲ್ ನಿಲ್ಲಿಸಿದರೆ ತೂಕ ಮತ್ತೆ ಏರುತ್ತದೆ ಎಂಬ ಹೆದರಿಕೆ ಬೇಡ. ಮಿಕ್ಸ್ಚರ್ ಡಬ್ಬ ಮತ್ತೆ ಹೊರಗೆ ಬಂದರೆ ಮಾತ್ರ ಏರುತ್ತದೆ.

ಉಪಯೋಗ ಇಲ್ಲದಿದ್ದರೆ ಹೋಗಲಿ, ಹಣ ಹಾಳು ಎಂದು ಸುಮ್ಮನಿರಬಹುದಿತ್ತು. ನನಗೆ ಕಳವಳ ಲಿವರ್‌ನದು. ಕೆಲವು ವರ್ಷದ ಹಿಂದೆ ನನ್ನ ಬಳಿ 34 ವರ್ಷದ ಒಬ್ಬರು ಬಂದಿದ್ದರು. ಮದುವೆ ಗೊತ್ತಾಗಿತ್ತು, ಅಷ್ಟರೊಳಗೆ ತೆಳ್ಳಗಾಗಬೇಕಿತ್ತು. ಒಂಬತ್ತು ವಾರ ಗಾರ್ಸೀನಿಯಾ ಮತ್ತು ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ತೆಗೆದುಕೊಂಡಿದ್ದರು. ಮೊದಲು ಸುಸ್ತು, ಊಟ ಬೇಡ ಅನಿಸುವುದು. ಹಸಿವೆ ಹೋದದ್ದನ್ನು ಅವರು ಔಷಧ ಕೆಲಸ ಮಾಡುತ್ತಿದೆ ಎಂದು ತಿಳಿದು ಖುಷಿಪಟ್ಟಿದ್ದರು. ಆಮೇಲೆ ಮೂತ್ರದ ಬಣ್ಣ ಬದಲಾಯಿತು. ನಾನು ನೋಡುವಾಗ ಕಣ್ಣು ಹಳದಿಯಾಗಿತ್ತು, ಲಿವರ್‌ಗೆ ಪೆಟ್ಟಾದಾಗ ರಕ್ತದಲ್ಲಿ ಏರುವ, 40ರೊಳಗೆ ಇರಬೇಕಾದ ಎಸ್‌ಜಿಪಿಟಿ ಸಾವಿರ ದಾಟಿತ್ತು. ಹೆಪಟೈಟಿಸ್ ಎ, ಬಿ, ಸಿ, ಇ ಯಾವುದೂ ಇರಲಿಲ್ಲ. ಮದ್ಯಪಾನ ಇಲ್ಲ, ಬೇರೆ ಮಾತ್ರೆ ಇಲ್ಲ. ಎರಡು ಸಲ ಕೇಳಿದಾಗಲೂ "ಔಷಧ ಏನೂ ಇಲ್ಲ" ಎಂದೇ ಹೇಳಿದರು. ಮೂರನೇ ಸಲ "ಪುಡಿ, ಕಷಾಯ, ಕ್ಯಾಪ್ಸೂಲ್, ಜಿಮ್‌ನವರು ಕೊಟ್ಟದ್ದು ಏನಾದರೂ?" ಎಂದು ಕೇಳಿದಾಗ ಬಾಟಲಿಯ ಹೆಸರು ಬಂತು. ಗಿಡದಿಂದ ಬಂದದ್ದನ್ನು ಅವರು ಔಷಧ ಎಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ನಿಲ್ಲಿಸಿದ ಮೇಲೆ ಎಲ್ಲ ಸರಿಹೋಗಲು ಎರಡೂವರೆ ತಿಂಗಳು ಹಿಡಿಯಿತು. ಮದುವೆಯನ್ನು ಮುಂದೆ ಹಾಕಬೇಕಾಯಿತು.

ಇದು ಅವರೊಬ್ಬರ ಕಥೆ ಮಾತ್ರ ಆಗಿದ್ದರೆ ನಾನು ಇಷ್ಟು ಒತ್ತಿ ಹೇಳುತ್ತಿರಲಿಲ್ಲ. ಅಮೆರಿಕದಲ್ಲಿ ಔಷಧಗಳಿಂದ ಲಿವರ್ ಕೆಟ್ಟವರನ್ನು ವರ್ಷಗಟ್ಟಲೆ ದಾಖಲಿಸುವ ಒಂದು ಜಾಲ ಇದೆ. 2004ರಿಂದ 2018ರವರೆಗೆ ಅವರ ದಾಖಲೆಗೆ ಬಂದವರಲ್ಲಿ 22 ಜನರ ಲಿವರ್ ಹಾನಿಗೆ ಗಾರ್ಸೀನಿಯಾ ಕಾರಣ ಎಂದು ತಜ್ಞರು ಗುರುತಿಸಿದರು. ಐದು ಜನ ಗಾರ್ಸೀನಿಯಾ ಒಂದನ್ನೇ ತೆಗೆದುಕೊಂಡಿದ್ದರು. ಹದಿನಾರು ಜನ ನಿಮ್ಮ ಹಾಗೆ ಗ್ರೀನ್ ಟೀ ಸಾರದ ಜೊತೆ. ಈ ಹಾನಿ ಆದವರಲ್ಲಿ ಎಚ್‌ಎಲ್‌ಎ-ಬಿ 35:01 ಎಂಬ ಒಂದು ವಂಶವಾಹಿ ಗುರುತು ಹೆಚ್ಚಾಗಿ ಕಂಡಿತು. ಗ್ರೀನ್ ಟೀ ಸಾರದಿಂದ ಲಿವರ್ ಕೆಟ್ಟವರಲ್ಲೂ ಅದೇ ಗುರುತು. 2025ರಲ್ಲಿ ಫ್ರಾನ್ಸಿನ ಆಹಾರ ಸುರಕ್ಷತಾ ಸಂಸ್ಥೆ ಅನ್ಸೆಸ್, ಗಾರ್ಸೀನಿಯಾ ಕಂಬೋಜಿಯಾ ಇರುವ ಪೂರಕಗಳನ್ನು ತೆಗೆದುಕೊಳ್ಳಬೇಡಿ ಎಂದೇ ಜನರಿಗೆ ಹೇಳಿತು.

ಕ್ಯಾಪ್ಸೂಲ್ ನುಂಗುವವರು ಲಕ್ಷಾಂತರ ಜನ, ಲಿವರ್ ಕೆಡುವುದು ಅವರಲ್ಲಿ ಕೆಲವರಿಗೆ ಮಾತ್ರ. ಇದು ಅಪರೂಪ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಇದು ಪ್ರಮಾಣ ಜಾಸ್ತಿಯಾಗಿ ಆಗುವ ವಿಷದ ಹಾಗಲ್ಲ. ಕೆಲವರ ದೇಹ ಆ ಪದಾರ್ಥವನ್ನು ಸಹಿಸುವುದಿಲ್ಲ, ಆ ಕೆಲವರು ಯಾರು ಎಂದು ಮೊದಲೇ ಹೇಳಲು ನಮ್ಮ ಬಳಿ ದಿನನಿತ್ಯದ ಪರೀಕ್ಷೆ ಇಲ್ಲ. "ನನ್ನ ಗೆಳತಿಗೆ ಏನೂ ಆಗಲಿಲ್ಲ" ಎನ್ನುವುದು ನಿಮಗೆ ಅನ್ವಯಿಸುವುದಿಲ್ಲ. ನಿಮ್ಮ ಲಿವರ್‌ನಲ್ಲಿ ಆಗಲೇ ಕೊಬ್ಬು ಸೇರಿದೆ. ಅದರ ಮೇಲೆ ಇನ್ನೊಂದು ಪೆಟ್ಟು ಬೀಳುವುದು ಬೇಡ.

ನಿಮ್ಮ ವಿಷಯದಲ್ಲಿ ಕ್ಯಾಪ್ಸೂಲ್ ಬಿಡಲು ಎಸಿಟಲೋಪ್ರಾಮ್ ಎರಡನೇ ಕಾರಣ. ಅದು ಮೆದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹೆಚ್ಚಿಸುವ ಮಾತ್ರೆ. ಎಚ್‌ಸಿಎಯೂ ಸೆರೊಟೋನಿನ್ ಮೇಲೆ ಕೆಲಸ ಮಾಡುತ್ತದೆ ಎಂಬ ಸೂಚನೆ ಪ್ರಾಣಿಗಳ ಅಧ್ಯಯನದಲ್ಲಿದೆ. ಹಸಿವೆ ಕಡಿಮೆ ಮಾಡುತ್ತದೆ ಎಂಬ ಜಾಹೀರಾತಿಗೂ ಅದೇ ಆಧಾರ. ಇಂಥ ಮಾತ್ರೆಯ ಜೊತೆ ಗಾರ್ಸೀನಿಯಾ ತೆಗೆದುಕೊಂಡವರಲ್ಲಿ ಸೆರೊಟೋನಿನ್ ವಿಪರೀತವಾದ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಕೈ ನಡುಗುವುದು, ಬೆವರುವುದು, ಎದೆ ಡವಡವ, ಸ್ನಾಯು ಸೆಟೆದುಕೊಂಡು ಎಗರುವುದು, ಗೊಂದಲ, ಜ್ವರ ಇದರ ಲಕ್ಷಣ. ನಿಮಗೆ ಇವು ಇಲ್ಲ ಎಂದುಕೊಳ್ಳುತ್ತೇನೆ. ಇದ್ದರೆ ಅದೂ ತುರ್ತು ಸ್ಥಿತಿಯೇ.

ಇನ್ನೊಂದು ಅನುಮಾನವನ್ನೂ ಹೇಳಬೇಕು. ತೂಕ ಇಳಿಸುವ "ಹರ್ಬಲ್" ಉತ್ಪನ್ನಗಳಲ್ಲಿ ಲೇಬಲ್ ಮೇಲೆ ಬರೆಯದ ಔಷಧ ಕಲಸಿರುವುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಮತ್ತೆ ಮತ್ತೆ ಪತ್ತೆ ಮಾಡಿದೆ. ಹೆಚ್ಚಾಗಿ ಸಿಗುವುದು ಸಿಬುಟ್ರಮಿನ್. ಹೃದಯಕ್ಕೆ ಅಪಾಯ ಎಂದು 2010ರಲ್ಲಿ ಅಮೆರಿಕದ ಮಾರುಕಟ್ಟೆಯಿಂದ ತೆಗೆದ, ನಮ್ಮ ದೇಶದಲ್ಲೂ ನಿಷೇಧವಾದ ಔಷಧ ಅದು. ಎಸಿಟಲೋಪ್ರಾಮ್ ಜೊತೆ ಅದೂ ಕೂಡದು. ನಿಮ್ಮ ಬಾಟಲಿಯಲ್ಲಿ ಅದು ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಕ್ಯಾಪ್ಸೂಲ್ ಶುರುಮಾಡಿದ ಎರಡೇ ದಿನಕ್ಕೆ ಹಸಿವೆ ಪೂರ್ತಿ ಸತ್ತುಹೋದರೆ, ಬಾಯಿ ಒಣಗಿ ನಿದ್ದೆ ಬಾರದೆ ಎದೆ ಬಡಿದುಕೊಂಡರೆ, ಅದು ಉಪ್ಪಾಗೆಯ ಗುಣ ಅಲ್ಲ. ಬಾಟಲಿಯ ಮೇಲೆ ಎಫ್‌ಎಸ್‌ಎಸ್‌ಎಐ ನಂಬರ್ ಇದೆಯಲ್ಲ ಎಂದು ಕೇಳುತ್ತಾರೆ. ಅದು ಆಹಾರ ತಯಾರಿಸಿ ಮಾರಲು ಸಿಗುವ ಪರವಾನಗಿ. ಉಪ್ಪಿನಕಾಯಿ ಬಾಟಲಿಗೂ ಇರುತ್ತದೆ. ಈ ಕ್ಯಾಪ್ಸೂಲ್ ತೂಕ ಇಳಿಸುತ್ತದೆ ಎಂದು ಯಾರೋ ಪರೀಕ್ಷಿಸಿ ಮುದ್ರೆ ಒತ್ತಿದ್ದಾರೆ ಎಂದು ಅದರ ಅರ್ಥ ಅಲ್ಲ.

ಪುನರ್ಪುಳಿಗೆ ಮರಳುತ್ತೇನೆ. ನಾಲ್ಕು ಜನರ ಸಾರಿಗೆ ಮನೆಯಲ್ಲಿ ಏಳೆಂಟು ಒಣ ಸಿಪ್ಪೆ ಹಾಕುತ್ತೀರಿ, ಸುಮಾರು 10 ಗ್ರಾಂ ಎಂದುಕೊಳ್ಳೋಣ. ಪುನರ್ಪುಳಿಯ ಒಣ ಸಿಪ್ಪೆಯಲ್ಲಿ ಎಚ್‌ಸಿಎ ನೂರಕ್ಕೆ ಹತ್ತು ಹನ್ನೆರಡರಷ್ಟು ಎಂದು ಅಳೆದಿದ್ದಾರೆ. ಎಲ್ಲವೂ ಸಾರಿಗೆ ಇಳಿದರೂ ಒಬ್ಬರಿಗೆ 250ರಿಂದ 300 ಮಿ.ಗ್ರಾಂ. ಸಿಪ್ಪೆಯನ್ನು ತೆಗೆದು ಪಕ್ಕಕ್ಕಿಡುವುದರಿಂದ ನಿಜಕ್ಕೂ ಇನ್ನೂ ಕಡಿಮೆ. ತೂಕಕ್ಕೆ ಇದರಿಂದ ಏನೂ ಆಗುವುದಿಲ್ಲ. ಭಯ ಪಡುವಂಥದ್ದೂ ಏನಿಲ್ಲ. ಕರಾವಳಿಯ ಎಷ್ಟೋ ಮನೆಗಳ ರೋಗಿಗಳನ್ನು ನೋಡಿದ್ದೇನೆ, ಪುನರ್ಪುಳಿ ಸಾರು ಉಂಡು ಲಿವರ್ ಕೆಟ್ಟವರು ಒಬ್ಬರೂ ನನಗೆ ಸಿಕ್ಕಿಲ್ಲ. ವಾರಕ್ಕೆರಡು ಸಲ ಅನ್ನದ ಜೊತೆ ಹೋಗುವ ಹುಳಿಗೂ, ಕಾರ್ಖಾನೆಯಲ್ಲಿ ಗಟ್ಟಿ ಮಾಡಿದ ಸಾರವನ್ನು ಇನ್ನೊಂದು ಗಿಡದ ಸಾರದ ಜೊತೆ ಕೂಡಿಸಿ ದಿನವೂ ನುಂಗುವುದಕ್ಕೂ ವ್ಯತ್ಯಾಸ ಇದೆ. ಅತ್ತೆಯವರಿಗೆ ಇಷ್ಟು ಹೇಳಿ: ಸಾರಿನ ಬಗ್ಗೆ ನಿಮ್ಮ ಮಾತು ಸರಿ, ಬಾಟಲಿಗೆ ಅದು ಸಲ್ಲುವುದಿಲ್ಲ.

ಜ್ಯೂಸ್ ಬಗ್ಗೆ ಮಾತ್ರ ಎಚ್ಚರ. ಅಂಗಡಿಯಲ್ಲಿ ಸಿಗುವ ಪುನರ್ಪುಳಿ ಸಿರಪ್‌ನಲ್ಲಿ ಹಣ್ಣಿಗಿಂತ ಸಕ್ಕರೆಯೇ ಜಾಸ್ತಿ. ಒಂದು ಲೋಟಕ್ಕೆ ನಾಲ್ಕು ಚಮಚ ಸಕ್ಕರೆ ಸುಲಭವಾಗಿ ಸೇರುತ್ತದೆ. ತೂಕ ಇಳಿಯಲೆಂದು ಅದನ್ನು ದಿನಕ್ಕೆ ಎರಡು ಲೋಟ ಕುಡಿದರೆ 160 ಕ್ಯಾಲೊರಿ. ನೀವು ಬಿಟ್ಟ ಚಹಾದ ಸಕ್ಕರೆಯ ಎರಡರಷ್ಟು ಬೇರೆ ಬಾಗಿಲಿನಿಂದ ಒಳಗೆ ಬಂದ ಹಾಗೆ. ಕುಡಿಯುವ ಆಸೆ ಇದ್ದರೆ ನಾಲ್ಕೈದು ಒಣ ಸಿಪ್ಪೆಯನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸಿ, ಜೀರಿಗೆ ಪುಡಿ, ಚಿಟಿಕೆ ಉಪ್ಪು ಹಾಕಿ ಕುಡಿಯಿರಿ. ಸಿಪ್ಪೆಗೆ ಮೊದಲೇ ಉಪ್ಪು ಹಾಕಿ ಒಣಗಿಸಿದ್ದರೆ ಮತ್ತೆ ಉಪ್ಪು ಬೇಡ. ಎದೆ ಉರಿ ಇದ್ದರೆ ಖಾಲಿ ಹೊಟ್ಟೆಗೆ ಬೇಡ. ಈ ಹತ್ತು ದಿನದ ವಾಕರಿಕೆ ಇಳಿಯುವವರೆಗೆ ಅದನ್ನೂ ಪಕ್ಕಕ್ಕಿಡಿ, ಇಲ್ಲದಿದ್ದರೆ ಕಾರಣ ಯಾವುದು ಎಂದು ಗೊತ್ತಾಗದೆ ಹೋಗುತ್ತದೆ.

ಪರೀಕ್ಷೆಯ ವರದಿ ಬಂದಾಗ ಹೀಗೆ ನೋಡಿ. ಎಸ್‌ಜಿಪಿಟಿ 60, 70 ಇದ್ದು, ಏರಿದರೆ ಕಣ್ಣು ಹಳದಿ ಮಾಡುವ ಬಿಲಿರುಬಿನ್ ಸರಿಯಾಗಿದ್ದರೆ ಅದು ನಿಮ್ಮ ಹಳೆಯ ಫ್ಯಾಟಿ ಲಿವರ್‌ನಿಂದಲೇ ಇರಬಹುದು. ಹೋದ ವರ್ಷದ ವರದಿ ಇದ್ದರೆ ಪಕ್ಕದಲ್ಲಿಟ್ಟು ಹೋಲಿಸಿ. ಕ್ಯಾಪ್ಸೂಲ್ ಇಲ್ಲದೆ ಎರಡು ವಾರ ಕಳೆದು ಮತ್ತೆ ಪರೀಕ್ಷಿಸಿ. ಎಸ್‌ಜಿಪಿಟಿ ಇನ್ನೂರು ದಾಟಿದ್ದರೆ, ಬಿಲಿರುಬಿನ್ ಏರಿದ್ದರೆ, ಅಥವಾ ಐಎನ್‌ಆರ್ 1.5 ಮುಟ್ಟಿದ್ದರೆ ಅದೇ ದಿನ ವೈದ್ಯರನ್ನು ಕಾಣಿ. ಕೊನೆಯದು ಎಲ್ಲಕ್ಕಿಂತ ಗಂಭೀರ, ಲಿವರ್ ತನ್ನ ಕೆಲಸವನ್ನೇ ಬಿಡುತ್ತಿದೆ ಎನ್ನುವ ಸೂಚನೆ. ವರದಿ ಪೂರ್ತಿ ಸರಿ ಇದ್ದರೂ ಕ್ಯಾಪ್ಸೂಲ್ ಮತ್ತೆ ಶುರುಮಾಡಬೇಡಿ. ವರದಿ ಕೆಟ್ಟು, ಆಮೇಲೆ ಸರಿಹೋದರಂತೂ ಜೀವಮಾನದಲ್ಲಿ ಗಾರ್ಸೀನಿಯಾ ಸಾರ, ಗ್ರೀನ್ ಟೀ ಸಾರ ಎರಡನ್ನೂ ಮುಟ್ಟಬೇಡಿ. ಎರಡನೇ ಸಲ ಪೆಟ್ಟು ಬೇಗ ಬೀಳುತ್ತದೆ, ಜೋರಾಗಿಯೂ ಬೀಳುತ್ತದೆ. ಇದು ಸಾರದ ಮಾತು, ಬಿಸಿನೀರಲ್ಲಿ ಅದ್ದಿ ಕುಡಿಯುವ ಗ್ರೀನ್ ಟೀಯಿಂದ ಈ ತೊಂದರೆ ಬಹಳ ಅಪರೂಪ.

ತೂಕದ ಗುರಿ ನಿಮಗೆ ಇರಲೇಬೇಕು. ನಿಮ್ಮ ಬಿಎಂಐ ಈಗ 30ರ ಹತ್ತಿರ, ಭಾರತೀಯರಿಗೆ 25 ದಾಟಿದರೇ ಬೊಜ್ಜು ಎಂದು ಲೆಕ್ಕ. ಲಿವರ್‌ನ ಕೊಬ್ಬು ಚೆನ್ನಾಗಿ ಕರಗಲು ನೀವು ಶುರುಮಾಡಿದ ತೂಕದ 7ರಿಂದ 10% ಇಳಿಯಬೇಕು, ಅಂದರೆ ಐದರಿಂದ ಏಳೂವರೆ ಕೆ.ಜಿ. ಅದರಲ್ಲಿ 1.6 ಆಗಲೇ ಇಳಿದಿದೆ. ಈಗ ಬಿಟ್ಟಿರುವುದನ್ನು ಹಾಗೇ ಇಟ್ಟುಕೊಂಡು ಅಡುಗೆಯ ಎಣ್ಣೆಯನ್ನು ಅಳೆಯಲು ಶುರುಮಾಡಿ. ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ದಾಟದಿರಲಿ. ಆರು ತಿಂಗಳಾದರೂ ತೂಕ ಜಗ್ಗದಿದ್ದರೆ ವೈದ್ಯರು ಬರೆದುಕೊಡುವ ನಿಜವಾದ ಔಷಧಗಳಿವೆ. ಆರ್ಲಿಸ್ಟ್ಯಾಟ್ ಮಾತ್ರೆ ಹಳೆಯದು, ತಿಂದ ಕೊಬ್ಬಿನ ಒಂದು ಪಾಲು ಹೀರದ ಹಾಗೆ ಮಾಡುತ್ತದೆ, ಎಣ್ಣೆ ಎಣ್ಣೆಯಾದ ಭೇದಿ ಅದರ ಕಾಟ. ಸೆಮಾಗ್ಲುಟೈಡ್, ಟಿರ್ಜೆಪಟೈಡ್ ಚುಚ್ಚುಮದ್ದುಗಳು ಪರೀಕ್ಷೆಗಳಲ್ಲಿ 15% ಮತ್ತು ಅದಕ್ಕೂ ಹೆಚ್ಚು ತೂಕ ಇಳಿಸಿವೆ. ಅವು ದುಬಾರಿ, ವಾಕರಿಕೆ ತರುತ್ತವೆ, ನಿಲ್ಲಿಸಿದರೆ ತೂಕ ಹೆಚ್ಚಾಗಿ ಮರಳುತ್ತದೆ. ಎಸಿಟಲೋಪ್ರಾಮ್‌ನಿಂದಲೂ ಕೆಲವರಿಗೆ ತೂಕ ಸ್ವಲ್ಪ ಏರುವುದುಂಟು. ಮುಂದಿನ ಸಲ ಮನೋವೈದ್ಯರ ಬಳಿ ಹೋದಾಗ ಇದನ್ನು ಕೇಳಿ. ಕ್ಯಾಪ್ಸೂಲ್ ತೆಗೆದುಕೊಂಡಿದ್ದನ್ನೂ ಹೇಳಿ.

ಬಾಟಲಿಯನ್ನು ಎಸೆಯಬೇಡಿ. ಲೇಬಲ್‌ನ ನಾಲ್ಕೂ ಬದಿಯ ಫೋಟೊ ತೆಗೆದಿಡಿ, ಬ್ಯಾಚ್ ನಂಬರ್ ಕಾಣುವ ಹಾಗೆ. ಉಳಿದ ಕ್ಯಾಪ್ಸೂಲ್‌ಗಳನ್ನು ಹಾಗೇ ಮುಚ್ಚಿಡಿ. ಪರೀಕ್ಷೆಯಲ್ಲಿ ಏನಾದರೂ ಏರುಪೇರು ಕಂಡರೆ ನಿಮ್ಮ ವೈದ್ಯರಿಗೆ ಮೊದಲು ಬೇಕಾಗುವುದು ಅದೇ. ಔಷಧಗಳ ಅಡ್ಡಪರಿಣಾಮ ದಾಖಲಿಸುವ ಕೇಂದ್ರ ಸರ್ಕಾರದ ವ್ಯವಸ್ಥೆಗೆ 1800-180-3024 ನಂಬರಿಗೆ ಕರೆ ಮಾಡಿ ನೀವೇ ತಿಳಿಸಲೂಬಹುದು. ಕರೆಗೆ ದುಡ್ಡಿಲ್ಲ.